ಗೋಡೆ ಗಟ್ಟಿ, ತೂಬು ಸಡಿಲ

ಬೆಂಗಳೂರು–ಮೈಸೂರು ಹೆದ್ದಾರಿಯು ಮಂಡ್ಯ ಜಿಲ್ಲೆಯನ್ನು ಸೀಳಿಕೊಂಡು ಹೋಗುತ್ತದೆ. 2023ರ ಆಗಸ್ಟ್ 1ರಿಂದ ಅದರ ಮುಖ್ಯ ಪಥದ ಮೇಲೆ ದ್ವಿಚಕ್ರ ವಾಹನ, ಆಟೋರಿಕ್ಷಾ, ಟ್ರಾಕ್ಟರುಗಳಿಗೆ ಪ್ರವೇಶವಿಲ್ಲ. 2024ರಲ್ಲಿ ವಾಹನದ ವೇಗವನ್ನು ಅಳೆದು, ಅದರ ಸಂಖ್ಯೆಯನ್ನು ಓದಿಕೊಳ್ಳುವ ಕ್ಯಾಮೆರಾಗಳೂ ಅಲ್ಲಿ ಕೆಲಸಕ್ಕೆ ತೊಡಗಿದುವು. ಆದುದರಿಂದ ಮಂಡ್ಯ, ಮದ್ದೂರು, ಮಳವಳ್ಳಿಗಳ ಕಡೆಯ ಯಾರ ಫೋನಿಗಾದರೂ "ನಿಮ್ಮ ವಾಹನಕ್ಕೆ ದಂಡ ಬಿದ್ದಿದೆ" ಎಂಬ ಸಂದೇಶ ಬಂದರೆ, ಅದು ನಂಬಲಾಗದ ಮಾತೆಂದು ತೋರುವುದಿಲ್ಲ. ಒಮ್ಮೆಯಾದರೂ ತಪ್ಪು ಪಥದಲ್ಲಿ ಹೋದವನಿಗೆ ತನ್ನ ತಪ್ಪೇ ನೆನಪಿಗೆ ಬರುವುದು.

ಇಂಥ ನಂಬಿಕೆಯನ್ನೇ ಬಂಡವಾಳ ಮಾಡಿಕೊಂಡ ಒಂದು ವಂಚನೆಯನ್ನು ಬೆಂಗಳೂರಿನ ಕ್ಲೌಡ್‌ಸೆಕ್ ಎಂಬ ಸೈಬರ್ ಭದ್ರತಾ ಸಂಸ್ಥೆಯು 2024ರ ಜುಲೈ ತಿಂಗಳಲ್ಲಿ ಬಯಲಿಗೆಳೆಯಿತು. ಸಾರಿಗೆ ಇಲಾಖೆಯ ಪರಿವಾಹನ್ ಸೇವೆಯ ಹೆಸರಿನಲ್ಲಿ, ಇಲ್ಲವೆ ಕರ್ನಾಟಕ ಪೊಲೀಸರ ಹೆಸರಿನಲ್ಲಿ, ವಾಟ್ಸ್‌ಆ್ಯಪ್ ಮೂಲಕ ದಂಡದ ಸುಳ್ಳು ಚೀಟಿ ಬರುತ್ತಿತ್ತು. ಅದರ ಹಿಂದೆ ಒಂದು ಆ್ಯಪ್ ಅಡಗಿರುತ್ತಿತ್ತು. ಇದನ್ನು ನಡೆಸುತ್ತಿದ್ದವರು ವಿಯೆಟ್ನಾಮಿನವರೆಂದು ಸಂಸ್ಥೆಯ ತಜ್ಞರು ಗುರುತಿಸಿದರು. 4,400ಕ್ಕೂ ಹೆಚ್ಚು ಫೋನುಗಳು ಬಲಿಯಾಗಿದ್ದುವು. ವಂಚಕರಲ್ಲಿ ಒಬ್ಬನೇ ನಡೆಸಿದ ವಹಿವಾಟು 16 ಲಕ್ಷ ರೂಪಾಯಿಗಳನ್ನು ಮೀರಿತ್ತು. ಹೆಚ್ಚು ಪೆಟ್ಟು ತಿಂದ ರಾಜ್ಯ ಗುಜರಾತ್; ಅದರ ನಂತರದ ಸ್ಥಾನ ಕರ್ನಾಟಕದ್ದು.

ಇಂಥ ಸುದ್ದಿಯನ್ನು ಓದಿದ ವಿಜ್ಞಾನದ ವಿದ್ಯಾರ್ಥಿಯು "ಅಯ್ಯೋ ಪಾಪ" ಎಂದು ಸುಮ್ಮನಾಗಬಾರದು. ಒಂದು ಪ್ರಶ್ನೆಯನ್ನು ಕೇಳಬೇಕು. ಆಂಡ್ರಾಯ್ಡ್ ಫೋನಿನಲ್ಲಿ ಒಂದು ಆ್ಯಪ್ ಮತ್ತೊಂದರ ಬಳಿ ಸುಳಿಯದಂತೆ ಗೋಡೆ ಕಟ್ಟಿದೆಯೆಂದು ಹೇಳುತ್ತಾರಲ್ಲ, ಆ ಗೋಡೆ ಏನಾಯಿತು? ನನ್ನ ಉತ್ತರವಿಷ್ಟೆ: ಗೋಡೆಗೆ ಏನೂ ಆಗಲಿಲ್ಲ, ಅದು ಇದ್ದಂತೆಯೇ ಇತ್ತು. ಕಳ್ಳನು ಬಂದುದು ಗೋಡೆಯಲ್ಲಿ ನಾವೇ ತೆರೆದುಕೊಟ್ಟ ತೂಬಿನಿಂದ. ನಾವು ಭಯಪಡುವ ತೂಬು ಒಂದು, ಕಳ್ಳನು ನುಸುಳುವ ತೂಬು ಇನ್ನೊಂದು ಎಂಬುದೇ ಈ ಲೇಖನದ ವಾದ.

ಗೋಡೆಯ ರಚನೆ

ಆಂಡ್ರಾಯ್ಡಿನ ಅಡಿಪಾಯ ಲಿನಕ್ಸ್ ಎಂಬ ಕಾರ್ಯವ್ಯವಸ್ಥೆಯ ತಿರುಳು. ಅದನ್ನು ಕರ್ನೆಲ್ ಎಂದು ಕರೆಯುತ್ತಾರೆ. ಒಂದೇ ಗಣಕಯಂತ್ರವನ್ನು ಹಲವರು ಹಂಚಿಕೊಂಡು ಬಳಸುತ್ತಿದ್ದ ಕಾಲದ ವಿಚಾರಗಳ ಮೇಲೆ ಲಿನಕ್ಸ್ ನಿಂತಿದೆ. ಆ ಯಂತ್ರದಲ್ಲಿ ಪ್ರತಿಯೊಬ್ಬ ಬಳಕೆದಾರನಿಗೂ ಒಂದು ಸಂಖ್ಯೆ. ಒಬ್ಬನ ಕಡತಗಳನ್ನು ಇನ್ನೊಬ್ಬನು ಓದದಂತೆ ನೋಡಿಕೊಳ್ಳುವುದು ಕರ್ನೆಲಿನ ಕೆಲಸ. ಆಂಡ್ರಾಯ್ಡನ್ನು ರಚಿಸಿದವರು ಈ ಹಳೆಯ ಏರ್ಪಾಟನ್ನು ಜಾಣತನದಿಂದ ಬೇರೊಂದು ಕೆಲಸಕ್ಕೆ ತಿರುಗಿಸಿಕೊಂಡರು. ಫೋನಿಗೆ ಒಡೆಯನು ಒಬ್ಬನೇ. ಆದರೆ ಅದರೊಳಗಿನ ಒಂದೊಂದು ಆ್ಯಪ್ ಕೂಡ ಪ್ರತ್ಯೇಕ ಬಳಕೆದಾರನೋ ಎಂಬಂತೆ ಒಂದೊಂದಕ್ಕೂ ಸ್ವಂತ ಸಂಖ್ಯೆ ಕೊಟ್ಟರು. ಈ ಸಂಖ್ಯೆಗಳು 10000ದಿಂದ ಮೊದಲಾಗುತ್ತವೆ.

ನಿಮ್ಮ ಫೋನಿನಲ್ಲಿ ಬ್ಯಾಂಕಿನ ಆ್ಯಪಿಗೆ 10142 ಎಂಬ ಸಂಖ್ಯೆಯೂ, ನಿನ್ನೆ ಹಾಕಿಕೊಂಡ ಒಂದು ಆಟಕ್ಕೆ 10203 ಎಂಬ ಸಂಖ್ಯೆಯೂ ಬಂದಿದೆಯೆಂದು ಭಾವಿಸೋಣ. ಬ್ಯಾಂಕಿನ ಆ್ಯಪ್ ತನ್ನ ಕಡತಗಳನ್ನು `/data/data` ಎಂಬ ಜಾಗದಲ್ಲಿ ತನ್ನದೇ ಕೋಣೆಯಲ್ಲಿ ಇಟ್ಟುಕೊಂಡಿರುತ್ತದೆ. ಆ ಕೋಣೆಯ ಬೀಗ 10142ಕ್ಕೆ ಮಾತ್ರ ತೆರೆಯುವುದು. ಆಟವು ಅಲ್ಲಿಗೆ ಹೋಗಿ ಕಡತವನ್ನು ಓದಲು ಯತ್ನಿಸಿದರೆ ಕರ್ನೆಲ್ ಅದರ ಸಂಖ್ಯೆಯನ್ನು ನೋಡಿ ಹಿಂದಕ್ಕೆ ಕಳುಹಿಸುತ್ತದೆ. ಇಬ್ಬರ ಸ್ಮೃತಿಕೋಶವೂ ಬೇರೆ ಬೇರೆ. ಒಬ್ಬರು ಬರೆದುಕೊಂಡುದು ಇನ್ನೊಬ್ಬರಿಗೆ ಕಾಣಿಸದು. 2014ರ 5.0 ಆವೃತ್ತಿಯಿಂದೀಚೆಗೆ ಎಸ್‌ಇಲಿನಕ್ಸ್ ಎಂಬ ಎರಡನೆಯ ಕಾವಲು ಪೂರ್ಣವಾಗಿ ಜಾರಿಗೆ ಬಂದಿದೆ. ಮೊದಲನೆಯ ಕಾವಲಿನವನು ಎಲ್ಲಿಯಾದರೂ ಎಡವಿದರೂ ಇವನು ತನ್ನ ಪಟ್ಟಿಯಲ್ಲಿಲ್ಲದ ಕೆಲಸವನ್ನು ಮಾಡಗೊಡುವುದಿಲ್ಲ. ಈ ಇಡೀ ಏರ್ಪಾಟಿಗೆ ಸ್ಯಾಂಡ್‌ಬಾಕ್ಸ್, ಅಂದರೆ ಮರಳಿನ ಪೆಟ್ಟಿಗೆ, ಎಂದು ಹೆಸರು. ಮಗುವು ತನ್ನ ಪೆಟ್ಟಿಗೆಯೊಳಗೆ ಮರಳನ್ನು ಎಷ್ಟು ಬೇಕಾದರೂ ಎರಚಿಕೊಳ್ಳಲಿ, ಅದು ಹೊರಗೆ ಚೆಲ್ಲಬಾರದು.

ಗೋಡೆಯಲ್ಲಿ ಎಂದೂ ಬಿರುಕೇ ಬಿಡುವುದಿಲ್ಲವೆಂದಲ್ಲ. ಕರ್ನೆಲಿನಲ್ಲಿ ದೋಷಗಳು ಆಗಾಗ ಸಿಕ್ಕುತ್ತವೆ. ಅವುಗಳನ್ನು ಮುಚ್ಚಲು ಗೂಗಲ್ ಕಾಲಕಾಲಕ್ಕೆ ತೇಪೆಗಳನ್ನು ಹೊರಡಿಸುತ್ತದೆ. ಆದರೆ ಅಂಥ ಬಿರುಕನ್ನು ಹುಡುಕಿ ಬಳಸುವುದಕ್ಕೆ ದೊಡ್ಡ ಪರಿಣತಿಯೂ ಬಹಳ ಹಣವೂ ಬೇಕು. ಹಾಲಿನ ಬಟವಾಡೆಯ ದುಡ್ಡಿಗೆ ಕೈಹಾಕುವ ಕಳ್ಳನು ಅಷ್ಟು ಖರ್ಚು ಮಾಡುವುದಿಲ್ಲ. ಅವನಿಗೆ ಇನ್ನೂ ಅಗ್ಗದ ದಾರಿಯಿದೆ.

ನೀರುಗಂಟಿಯೂ ತೂಬೂ

ಎಲ್ಲ ಕಡೆಯೂ ಗೋಡೆಯೇ ಇದ್ದರೆ ಆ್ಯಪಿನಿಂದ ಪ್ರಯೋಜನವೇನು? ಭೂಪಟಕ್ಕೆ ನಾವಿರುವ ಸ್ಥಳ ತಿಳಿಯಬೇಕು. ಚಿತ್ರ ತೆಗೆಯುವುದಕ್ಕೆ ಕ್ಯಾಮೆರಾ ಬೇಕು. ನಮ್ಮ ಜಿಲ್ಲೆಯ ಓದುಗರಿಗೆ ಇದನ್ನು ವಿಶ್ವೇಶ್ವರಯ್ಯ ನಾಲೆಯ ಉದಾಹರಣೆಯಿಂದ ತಿಳಿಸಬಹುದು. ನಾಲೆಯ ಏರಿಯನ್ನು ಯಾರೂ ಕಡಿಯುವಂತಿಲ್ಲ. ನೀರು ಬೇಕಾದವನು ನೀರುಗಂಟಿಯನ್ನು ಕೇಳಬೇಕು. ಅವನು ಸರದಿಯನ್ನು ನೋಡಿ ತೂಬನ್ನು ಎತ್ತುತ್ತಾನೆ. ಆಂಡ್ರಾಯ್ಡಿನಲ್ಲಿಯೂ ಹೀಗೆಯೇ. ಯಾವ ಆ್ಯಪ್ ಕೂಡ ಕ್ಯಾಮೆರಾವನ್ನಾಗಲಿ ಸಂದೇಶಗಳ ಪೆಟ್ಟಿಗೆಯನ್ನಾಗಲಿ ನೇರವಾಗಿ ಮುಟ್ಟಲಾರದು. ಅದು ಬೈಂಡರ್ ಎಂಬ ಒಂದೇ ಮಾರ್ಗದಿಂದ ವ್ಯವಸ್ಥೆಗೆ ಬೇಡಿಕೆಯನ್ನು ಕಳುಹಿಸಬೇಕು. ಬೇಡಿಕೆಯ ಮೇಲೆ ಕೇಳಿದವನ ಸಂಖ್ಯೆಯನ್ನು ಬರೆಯುವವನು ಕೇಳುವವನಲ್ಲ, ಕರ್ನೆಲ್. ಆದುದರಿಂದ 10203 ತಾನು 10142 ಎಂದು ಸುಳ್ಳು ಹೇಳುವಂತಿಲ್ಲ. ವ್ಯವಸ್ಥೆಯು ತನ್ನ ದಫ್ತರವನ್ನು ತೆರೆದು, ಈ ಸಂಖ್ಯೆಗೆ ಈ ಅನುಮತಿ ಇದೆಯೆ ಎಂದು ನೋಡುತ್ತದೆ. ಇದ್ದರೆ ಕೊಡುತ್ತದೆ, ಇಲ್ಲದಿದ್ದರೆ ಇಲ್ಲ.

ಅನುಮತಿಗಳಲ್ಲಿ ದರ್ಜೆಗಳುಂಟು. ಮೊದಲನೆಯದು ಸಾಮಾನ್ಯ ಅನುಮತಿ. ಇದನ್ನು ಆ್ಯಪ್ ತನ್ನ ಪಟ್ಟಿಯಲ್ಲಿ ಬರೆದುಕೊಂಡರೆ ಸಾಕು, ನಮ್ಮನ್ನು ಕೇಳುವ ಪ್ರಸ್ತಾಪವೇ ಇಲ್ಲ. ಎರಡನೆಯದು ಅಪಾಯದ ಅನುಮತಿ: ಕ್ಯಾಮೆರಾ, ಮೈಕ್, ಸ್ಥಳ, ಸಂಪರ್ಕಗಳ ಪಟ್ಟಿ, ಎಸ್‌ಎಮ್‌ಎಸ್ ಮೊದಲಾದುವು. 2015ರ 6.0 ಆವೃತ್ತಿಗೆ ಮುಂಚೆ ಇವನ್ನೆಲ್ಲ ಆ್ಯಪನ್ನು ಹಾಕಿಕೊಳ್ಳುವಾಗಲೇ ಒಟ್ಟಾಗಿ ಒಪ್ಪಿಕೊಳ್ಳಬೇಕಾಗಿತ್ತು. ಈಗ ಬಳಸುವ ಸಮಯದಲ್ಲಿ ಒಂದೊಂದನ್ನಾಗಿ ಕೇಳಲಾಗುತ್ತದೆ. ಮೂರನೆಯದು ವಿಶೇಷ ಅನುಮತಿ. ಇದಕ್ಕೆ ಸೆಟ್ಟಿಂಗ್ಸ್ ಒಳಕ್ಕೆ ಹೋಗಿ ನಮ್ಮ ಕೈಯಿಂದಲೇ ಗುಂಡಿಯನ್ನು ತಿರುಗಿಸಬೇಕು.

ಇಲ್ಲಿ ವಿದ್ಯಾರ್ಥಿಗಳು ಎರಡು ಸಂಗತಿಗಳನ್ನು ಚೆನ್ನಾಗಿ ಮನಸ್ಸಿಗೆ ತಂದುಕೊಳ್ಳಬೇಕು. ಒಂದನೆಯದು: ಅಂತರಜಾಲವನ್ನು ಬಳಸುವ ಅನುಮತಿ ಸಾಮಾನ್ಯ ದರ್ಜೆಯದು. ಅಂದರೆ ಒಳಗೆ ಕದ್ದುದನ್ನು ಹೊರಕ್ಕೆ ಸಾಗಿಸುವ ಬಾಗಿಲು ಎಲ್ಲ ಆ್ಯಪುಗಳಿಗೂ ಹೆಚ್ಚುಕಡಮೆ ತೆರೆದೇ ಇದೆ. ಅದನ್ನು ನಮ್ಮ ಮುಂದೆ ಯಾರೂ ಕೇಳುವುದಿಲ್ಲ. ಎರಡನೆಯದು: ಅನುಮತಿಗಳನ್ನು ಗುಂಪುಗುಂಪಾಗಿ ಕಟ್ಟಲಾಗಿದೆ. ಸಂದೇಶವನ್ನು ಕಳುಹಿಸುವುದು, ಬರುವಾಗ ಹಿಡಿಯುವುದು, ಬಂದುದನ್ನು ಓದುವುದು, ಇವು ಮೂರು ಬೇರೆ ಬೇರೆ ಅನುಮತಿಗಳು. ಆದರೆ ಮೂರೂ ಎಸ್‌ಎಮ್‌ಎಸ್ ಎಂಬ ಒಂದೇ ಗುಂಪಿಗೆ ಸೇರಿವೆ. ಪಟ್ಟಿಯಲ್ಲಿ ಮೂರನ್ನೂ ಬರೆದುಕೊಂಡ ಆ್ಯಪಿಗೆ ಒಂದಕ್ಕೆ ಹೂಂ ಎಂದರೆ, ಉಳಿದುವು ಮತ್ತೆ ಕೇಳದೆಯೇ ದೊರೆತುಬಿಡುತ್ತವೆ.

ದಂಡದ ಚೀಟಿ ನಡೆದ ದಾರಿ

ಈಗ ಅಂಥ ಒಂದು ಸುಳ್ಳು ಆ್ಯಪಿನ ಹಿಂದೆ ಹೆಜ್ಜೆಹೆಜ್ಜೆಗೂ ನಡೆದು ನೋಡೋಣ. ಪ್ರತಿಯೊಂದು ಆ್ಯಪೂ ತನಗೆ ಬೇಕಾದುದನ್ನು ಒಂದು ಪಟ್ಟಿಯಲ್ಲಿ ಮೊದಲೇ ಬರೆದಿರಬೇಕೆಂಬುದು ನಿಯಮ. ಪಟ್ಟಿಯಲ್ಲಿಲ್ಲದುದನ್ನು ಆಮೇಲೆ ಕೇಳುವಂತಿಲ್ಲ. ಸಂದೇಶವನ್ನು ಕದಿಯುವ ಆ್ಯಪಿನ ಪಟ್ಟಿಯಲ್ಲಿ ಈ ಸಾಲುಗಳು ಇದ್ದೇ ಇರುತ್ತವೆ:

```
<uses-permission android:name="android.permission.RECEIVE_SMS" />
<uses-permission android:name="android.permission.READ_SMS" />
<uses-permission android:name="android.permission.INTERNET" />
```

ಇಡೀ ಕಳ್ಳತನ ಈ ಮೂರು ಸಾಲುಗಳಲ್ಲಿದೆ: ಬರುವ ಸಂದೇಶವನ್ನು ಹಿಡಿ, ಬಂದುದನ್ನು ಓದು, ಹೊರಗೆ ಕಳುಹಿಸು.

ಮೊದಲ ಹೆಜ್ಜೆ ಕಡತವನ್ನು ಒತ್ತುವುದು. ಅದರ ಹೆಸರು `.apk` ಎಂದು ಕೊನೆಗೊಳ್ಳುತ್ತದೆ. ದಂಡದ ಚೀಟಿಯಾಗಲಿ ಮದುವೆಯ ಕರೆಯೋಲೆಯಾಗಲಿ ಚಿತ್ರವಾಗಿ ಇಲ್ಲವೆ `.pdf` ಕಡತವಾಗಿ ಬರಬಹುದು. `.apk` ಆಗಿ ಬರಲು ಕಾರಣವೇ ಇಲ್ಲ, ಏಕೆಂದರೆ ಅದು ಕಾಗದವಲ್ಲ, ಯಂತ್ರ. ಒತ್ತಿದ ಕೂಡಲೆ ಫೋನು ತಡೆಯುತ್ತದೆ: ವಾಟ್ಸ್‌ಆ್ಯಪಿಗೆ ಹೊರಗಿನ ಆ್ಯಪುಗಳನ್ನು ಹಾಕುವ ಅಧಿಕಾರವಿಲ್ಲ ಎನ್ನುತ್ತದೆ. 2017ರ 8ನೆಯ ಆವೃತ್ತಿಯಿಂದ ಈ ಅಧಿಕಾರವನ್ನು ಒಂದೊಂದು ಆ್ಯಪಿಗೂ ಬೇರೆಬೇರೆಯಾಗಿ ಕೊಡಬೇಕು. ದಂಡದ ಭಯದಲ್ಲಿರುವವನು ಸೆಟ್ಟಿಂಗ್ಸ್ ಪುಟಕ್ಕೆ ಹೋಗಿ `Install unknown apps` ಎಂಬಲ್ಲಿ ಗುಂಡಿಯನ್ನು ತಿರುಗಿಸುತ್ತಾನೆ. ಇದು ಒಂದನೆಯ ಒಪ್ಪಿಗೆ.

ಆ್ಯಪ್ ತೆರೆದಾಗ ಅದು ಸಂಪರ್ಕಗಳು, ಕರೆಗಳು, ಎಸ್‌ಎಮ್‌ಎಸ್ ಇವುಗಳ ಅನುಮತಿ ಕೇಳುತ್ತದೆ. ಒಳಗೆ ಏನಿದೆಯೆಂದು ನೋಡುವ ಆತುರದಲ್ಲಿ ಬೆರಳು `Allow` ಎಂಬುದರ ಮೇಲೆ ಬೀಳುತ್ತದೆ. ಇದು ಎರಡನೆಯ ಒಪ್ಪಿಗೆ. ಆಮೇಲೆ, ಸಂದೇಶಗಳನ್ನು ನಿರ್ವಹಿಸುವ ಮುಖ್ಯ ಆ್ಯಪಾಗಿ ತನ್ನನ್ನೇ ನೇಮಿಸಬೇಕೆಂದು ಕೇಳುತ್ತದೆ. ಇದು ಮೂರನೆಯದು, ಎಲ್ಲಕ್ಕಿಂತ ಹೆಚ್ಚಿನದು. ಏಕೆಂದರೆ ಸಂದೇಶಗಳ ಪೆಟ್ಟಿಗೆಯಿಂದ ಸಂದೇಶವನ್ನು ಅಳಿಸುವ ಅಧಿಕಾರ ಈ ಮುಖ್ಯ ಆ್ಯಪಿಗೆ ಮಾತ್ರ ಇದೆ. ಕಳ್ಳನಿಗೆ ಇದು ದೊರೆತರೆ ಬ್ಯಾಂಕಿನ ಸಂದೇಶ ಬಂದುದೇ ಒಡೆಯನಿಗೆ ತಿಳಿಯದಂತೆ ಮಾಡಬಹುದು.

ಇನ್ನು ಮುಂದಿನ ಕೆಲಸ ನಡೆಯುವುದು ಬಹು ದೂರದಲ್ಲಿ. ವಂಚಕನು ಒಂದು ಅಂತರಜಾಲದ ಅಂಗಡಿಯಲ್ಲಿ ಬಲಿಯಾದವನ ಫೋನ್ ಸಂಖ್ಯೆಯನ್ನು ಕೊಟ್ಟು ಪ್ರವೇಶ ಕೇಳುತ್ತಾನೆ. ಅಂಗಡಿಯು ಆ ಸಂಖ್ಯೆಗೆ ಒಂದು ಸಲದ ಗುಪ್ತಸಂಖ್ಯೆಯನ್ನು, ಅಂದರೆ ಒಟಿಪಿಯನ್ನು, ಕಳುಹಿಸುತ್ತದೆ. ಸಂದೇಶ ಫೋನನ್ನು ಮುಟ್ಟಿದೊಡನೆ ವ್ಯವಸ್ಥೆಯು ಅದರ ಪ್ರತಿಯನ್ನು ಅನುಮತಿಯಿರುವ ಆ್ಯಪಿಗೆ ಒಪ್ಪಿಸುತ್ತದೆ. ಆ್ಯಪ್ ಅದನ್ನು ಅಂತರಜಾಲದ ಮೂಲಕ, ಈ ಪ್ರಕರಣದಲ್ಲಿ ಟೆಲಿಗ್ರಾಮಿನ ಮೂಲಕ, ವಂಚಕನಿಗೆ ದಾಟಿಸುತ್ತದೆ. ಅವನು ಆ ಅಂಕಿಗಳನ್ನು ಬರೆದು ಒಳಗೆ ಹೋಗಿ ಉಡುಗೊರೆ ಚೀಟಿಗಳನ್ನು ಕೊಳ್ಳುತ್ತಾನೆ. ಒಟಿಪಿಗೆ ಕೆಲವು ನಿಮಿಷಗಳ ಆಯುಷ್ಯ. ಈ ಪ್ರಯಾಣಕ್ಕೆ ಕೆಲವು ಸೆಕೆಂಡುಗಳು ಸಾಕು.

ಈ ದಾರಿಯಲ್ಲಿ ಎಲ್ಲಿಯಾದರೂ ಗೋಡೆ ಒಡೆಯಿತೆ? ಕಳ್ಳ ಆ್ಯಪ್ ಬ್ಯಾಂಕಿನ ಆ್ಯಪಿನ ಕೋಣೆಯನ್ನು ಮುಟ್ಟಲಿಲ್ಲ, ಅದರ ಗುಪ್ತಪದವನ್ನು ಕದಿಯಲಿಲ್ಲ. ನೀರುಗಂಟಿಯು ದಫ್ತರವನ್ನು ನೋಡಿಯೇ ತೂಬನ್ನು ಎತ್ತಿದನು. ಆದರೆ ನಾಲೆಗೂ ಫೋನಿಗೂ ಇರುವ ಒಂದು ಭೇದವನ್ನು ಇಲ್ಲಿ ಹೇಳಲೇಬೇಕು. ನೀರನ್ನು ಕದ್ದರೆ ಕೆಳಗಿನ ಗದ್ದೆಗೆ ಕಡಮೆ ಬೀಳುತ್ತದೆ, ಯಾರಾದರೂ ಬಂದು ಕೇಳುತ್ತಾರೆ. ಸಂದೇಶದ ಪ್ರತಿಯನ್ನು ಕದ್ದರೆ ಮೂಲದಲ್ಲಿ ಒಂದಕ್ಷರವೂ ಕಡಮೆಯಾಗದು. ಖಾತೆಯಲ್ಲಿ ಹಣ ಕರಗಿದ ಮೇಲೆಯೇ ಗೊತ್ತಾಗುವುದು.

ಭಯ ಎಲ್ಲಿ, ಅಪಾಯ ಎಲ್ಲಿ

ಯಾವ ಅನುಮತಿಗೆ ಹೆಚ್ಚು ಹೆದರುತ್ತೀರಿ ಎಂದು ತರಗತಿಯಲ್ಲಿ ಕೇಳಿದರೆ ಬಹುಮಂದಿ ಕ್ಯಾಮೆರಾ, ಮೈಕ್ ಎನ್ನುತ್ತಾರೆ. ಅದು ಸಹಜ, ಯಾರೋ ನೋಡುತ್ತಿದ್ದಾರೆ, ಕೇಳುತ್ತಿದ್ದಾರೆ ಎಂಬ ಅಂಜಿಕೆ ಮನುಷ್ಯನಿಗೆ ಹುಟ್ಟಿನಿಂದಲೇ ಇದೆ. ಆ ಭಯ ಸುಳ್ಳೆಂದು ನಾನು ಹೇಳುವುದಿಲ್ಲ. ಆದರೆ ಹಣದ ಕಳ್ಳನಿಗೆ ನಿಮ್ಮ ಮುಖದಿಂದ ಆಗಬೇಕಾದುದು ಅಲ್ಪ. ಅವನಿಗೆ ಬೇಕಾದುದು ನಿಮ್ಮ ಪರವಾಗಿ ಸಹಿ ಹಾಕುವ ಅಧಿಕಾರ. ಅದನ್ನು ಕೊಡುವ ಅನುಮತಿಗಳು ಮುಖ್ಯವಾಗಿ ಮೂರು.

ಮೊದಲನೆಯದು ಈಗಾಗಲೇ ನೋಡಿದ ಎಸ್‌ಎಮ್‌ಎಸ್. ಎರಡನೆಯದು ಸೂಚನೆಗಳನ್ನು ಓದುವ ಅಧಿಕಾರ. ಪರದೆಯ ಮೇಲ್ಭಾಗದಲ್ಲಿ ಇಳಿದು ಬರುವ ಸೂಚನೆಯಲ್ಲಿ ಸಂದೇಶದ ಮೊದಲ ಸಾಲು ಇರುತ್ತದೆ. ಒಟಿಪಿಯೂ ಅಲ್ಲೇ ಇರುತ್ತದೆ. ಕೈಗಡಿಯಾರಕ್ಕೆ ಸೂಚನೆಗಳನ್ನು ಕಳುಹಿಸುವ ಆ್ಯಪಿಗೆ ಈ ಅಧಿಕಾರ ನ್ಯಾಯವಾಗಿ ಬೇಕು. ಎಸ್‌ಎಮ್‌ಎಸ್ ಅನುಮತಿ ದೊರೆಯದ ಕಳ್ಳನಿಗೆ ಇದೇ ಹಿತ್ತಿಲ ಬಾಗಿಲು. ಇದನ್ನು ಅರಿತು 2024ರ 15ನೆಯ ಆವೃತ್ತಿಯಲ್ಲಿ ಒಟಿಪಿ ಇರುವ ಸೂಚನೆಗಳನ್ನು ಹೊರಗಿನ ಆ್ಯಪುಗಳಿಗೆ ಮರೆಮಾಡುವ ಏರ್ಪಾಟು ಬಂದಿತು.

ಮೂರನೆಯದು `Accessibility`. ಕಣ್ಣು ಕಾಣದವರಿಗೆ ಪರದೆಯ ಮೇಲಿರುವುದನ್ನು ಓದಿ ಹೇಳಲೂ, ಕೈ ಆಡದವರ ಪರವಾಗಿ ಗುಂಡಿಗಳನ್ನು ಒತ್ತಲೂ ಮಾಡಿದ ಪುಣ್ಯದ ಸೌಲಭ್ಯವಿದು. ಅದೇ ಕಾರಣದಿಂದ ಅದಕ್ಕೆ ಇತರ ಆ್ಯಪುಗಳ ಪರದೆಯನ್ನು ನೋಡುವ ಮತ್ತು ಮುಟ್ಟುವ ಶಕ್ತಿ ಇದೆ. ಕಡತಗಳ ಗೋಡೆ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಕೋಣೆಯೊಳಕ್ಕೆ ಹೋಗಲಾರದ ಕಳ್ಳನಿಗೆ ಮನೆಯೊಡೆಯನ ಕಣ್ಣನ್ನೂ ಕೈಯನ್ನೂ ಎರವಲು ಕೊಟ್ಟಂತಾಯಿತು. ಬೇರೆ ಅನುಮತಿಗಳನ್ನು ಕೇಳುವ ಪೆಟ್ಟಿಗೆ ಎದ್ದಾಗ `Allow` ಎಂಬುದನ್ನು ಅದು ತಾನೇ ಒತ್ತಿಕೊಳ್ಳಬಲ್ಲುದು. ತನ್ನನ್ನು ತೆಗೆದುಹಾಕಲು ಸೆಟ್ಟಿಂಗ್ಸ್ ತೆರೆದರೆ ಹಿಂದಕ್ಕೆ ಹೋಗುವ ಗುಂಡಿಯನ್ನು ಒತ್ತಿ ಪುಟವನ್ನೇ ಮುಚ್ಚಬಲ್ಲುದು. ಇದರ ಜೊತೆಗೆ ಬೇರೆ ಆ್ಯಪುಗಳ ಮೇಲೆ ಚಿತ್ರವನ್ನು ಹರಡುವ ಅಧಿಕಾರವೂ ಸೇರಿದರೆ, ನಿಜವಾದ ಬ್ಯಾಂಕಿನ ಪುಟದ ಮೇಲೆ ಸುಳ್ಳು ಪುಟವನ್ನು ಹೊದಿಸಿ ಗುಪ್ತಪದವನ್ನು ನಮ್ಮಿಂದಲೇ ಬರೆಸಿಕೊಳ್ಳಬಹುದು.

ಸಂಪರ್ಕಗಳ ಪಟ್ಟಿಯ ದುರುಪಯೋಗ ಬೇರೊಂದು ಬಗೆಯದು. ದಿಢೀರ್ ಸಾಲ ಕೊಡುವ ಕೆಲವು ಆ್ಯಪುಗಳು ಆ ಪಟ್ಟಿಯನ್ನೂ ಚಿತ್ರಗಳನ್ನೂ ತೆಗೆದುಕೊಂಡು, ಸಾಲಗಾರನ ನೆಂಟರಿಗೂ ಗೆಳೆಯರಿಗೂ ಅವಮಾನಕರ ಸಂದೇಶ ಕಳುಹಿಸಿ ಪೀಡಿಸಿದುವು. 2023ರಲ್ಲಿ ಗೂಗಲ್ ತನ್ನ ಪ್ಲೇ ಅಂಗಡಿಯ ಸಾಲದ ಆ್ಯಪುಗಳಿಗೆ ಈ ಎರಡು ಅನುಮತಿಗಳನ್ನೂ ನಿಷೇಧಿಸಿತು. ಹಣವಲ್ಲ, ಮರ್ಯಾದೆಯೇ ಇಲ್ಲಿ ಒತ್ತೆ.

ಹೊಣೆ ಯಾರದು?

ವಂಚನೆಗೆ ಸಿಕ್ಕಿದವನನ್ನು "ಓದದೆ ಏಕೆ ಒತ್ತಿದೆ?" ಎಂದು ಗದರುವುದು ಸುಲಭ. ನನ್ನ ಅಭಿಪ್ರಾಯ ಬೇರೆ. ಫೋನು ಅವನನ್ನು ಕೇಳಿದ ಪ್ರಶ್ನೆಯೇ ಸರಿಯಿಲ್ಲ. "ಈ ಆ್ಯಪಿಗೆ ಎಸ್‌ಎಮ್‌ಎಸ್ ನೋಡಲು ಮತ್ತು ಕಳುಹಿಸಲು ಬಿಡಲೆ?" ಎಂದು ಅದು ಕೇಳುತ್ತದೆ. ಇದು ವಸ್ತುವಿನ ಹೆಸರನ್ನು ಹೇಳುತ್ತದೆ, ಪರಿಣಾಮವನ್ನು ಹೇಳುವುದಿಲ್ಲ. "ನಿಮ್ಮ ಬ್ಯಾಂಕಿನ ಗುಪ್ತಸಂಖ್ಯೆಯನ್ನು ಈ ಆ್ಯಪ್ ಓದಬಹುದು, ಒಪ್ಪಿಗೆಯೆ?" ಎಂದು ಒಳ್ಳೆಯ ಕನ್ನಡದಲ್ಲಿ ಕೇಳಿದ್ದರೆ ಎಷ್ಟು ಮಂದಿ ಹೂಂ ಎನ್ನುತ್ತಿದ್ದರು? ಟಾರ್ಚಿನ ಆ್ಯಪಿಗೆ ಕ್ಯಾಮೆರಾ ಕೊಡುವಾಗಲೂ, ಅಪರಿಚಿತನಿಗೆ ಖಾತೆಯ ಕೀಲಿ ಕೊಡುವಾಗಲೂ ಒಂದೇ ಆಕಾರದ ಪೆಟ್ಟಿಗೆ, ಒಂದೇ ಬಣ್ಣದ ಗುಂಡಿ ಇದ್ದರೆ ಬೆರಳಿಗೆ ಭೇದ ತಿಳಿಯುವುದು ಹೇಗೆ?

ಇನ್ನೊಂದು ಮಾತು. ಬೇರೆ ಆ್ಯಪುಗಳಿಗೆ ಎಸ್‌ಎಮ್‌ಎಸ್ ಅನುಮತಿ ಬೇಕಾಗುವ ಸಂದರ್ಭವೇ ವಿರಳ. ಒಟಿಪಿಯನ್ನು ತಾನಾಗಿ ತುಂಬಿಕೊಳ್ಳಲು ಅದು ಬೇಕೆಂದು ಹಲವರು ತಿಳಿದಿದ್ದಾರೆ, ಅದು ತಪ್ಪು. ಕೆಲವು ಒಟಿಪಿ ಸಂದೇಶಗಳ ಕೊನೆಯಲ್ಲಿ ಅರ್ಥವಿಲ್ಲದ 11 ಅಕ್ಷರಗಳ ಒಂದು ಗುಚ್ಛವನ್ನು ನೀವು ಕಂಡಿರಬಹುದು. ಅದು ಆ ಸಂದೇಶ ಯಾವ ಆ್ಯಪಿಗೆ ಸೇರಿದ್ದೆಂಬುದರ ಗುರುತು. ಗೂಗಲ್‌ನ ಒಂದು ಸೇವೆಯು ಆ ಗುರುತನ್ನು ನೋಡಿ ಅದೊಂದು ಸಂದೇಶವನ್ನು ಮಾತ್ರ ಆ ಆ್ಯಪಿಗೆ ಕೊಡುತ್ತದೆ. ಎಸ್‌ಎಮ್‌ಎಸ್ ಅನುಮತಿ ಬೇಕಾಗುವುದೇ ಇಲ್ಲ. ಕೆಲಸಕ್ಕೆ ಒಂದು ಬಿಂದಿಗೆ ನೀರು ಸಾಕಾಗಿರುವಾಗ ನಾಲೆಯ ತೂಬನ್ನೇ ಕೇಳುವವನ ಬಗ್ಗೆ ಸಂಶಯಪಡುವುದು ನ್ಯಾಯವಲ್ಲವೆ?

ಇದಕ್ಕೆ ಉಪಾಯವಾಗಿ, ಪ್ಲೇ ಅಂಗಡಿಯ ಹೊರಗಿನ ಆ್ಯಪುಗಳನ್ನೇ ಪೂರ್ತಿ ನಿಷೇಧಿಸಬೇಕೆಂದು ಕೆಲವರು ಹೇಳುತ್ತಾರೆ. ಇದನ್ನು ನಾನು ಒಪ್ಪಲಾರೆ. ಕಾಲೇಜಿನ ಹುಡುಗಿಯೊಬ್ಬಳು ತಾನೇ ಬರೆದ ಆ್ಯಪನ್ನು ತನ್ನ ಫೋನಿನಲ್ಲಿ ಓಡಿಸಿ ನೋಡುವ ಸ್ವಾತಂತ್ರ್ಯ ದೊಡ್ಡದು. ಕಳ್ಳನ ನೆಪದಿಂದ ಅದನ್ನು ಕಳೆದುಕೊಳ್ಳಬಾರದು. ಆ್ಯಪನ್ನು ಹಾಕಿಕೊಳ್ಳಲು ಬಿಟ್ಟು, ಅಪಾಯದ ತೂಬುಗಳನ್ನು ಮಾತ್ರ ಬಿಗಿಮಾಡುವುದು ಮಧ್ಯಮ ಮಾರ್ಗ. 2022ರ 13ನೆಯ ಆವೃತ್ತಿಯಲ್ಲಿ ಈ ದಾರಿಯ ಆರಂಭವಾಯಿತು: ಹೊರಗಿನಿಂದ ಬಂದ ಆ್ಯಪಿಗೆ `Accessibility` ಮತ್ತು ಸೂಚನೆಗಳ ಅಧಿಕಾರವನ್ನು ಕೊಡಹೋದರೆ ಗುಂಡಿ ತಿರುಗದೆ `Restricted setting` ಎಂಬ ತಡೆ ಕಾಣಿಸುತ್ತದೆ. 2024ರ ಅಕ್ಟೋಬರಿನಲ್ಲಿ ಗೂಗಲ್ ಭಾರತಕ್ಕಾಗಿ ಇನ್ನೊಂದು ಪ್ರಯೋಗವನ್ನು ಪ್ರಕಟಿಸಿತು. ಬ್ರೌಸರು, ವಾಟ್ಸ್‌ಆ್ಯಪಿನಂಥ ಮಾರ್ಗಗಳಿಂದ ಬಂದ ಕಡತದ ಪಟ್ಟಿಯಲ್ಲಿ ಸಂದೇಶ ಹಿಡಿಯುವುದು, ಸಂದೇಶ ಓದುವುದು, ಸೂಚನೆ ಓದುವುದು, `Accessibility` ಎಂಬ ನಾಲ್ಕರಲ್ಲಿ ಯಾವುದಾದರೂ ಇದ್ದರೆ ಪ್ಲೇ ಪ್ರೊಟೆಕ್ಟ್ ಅದನ್ನು ಹಾಕಗೊಡುವುದಿಲ್ಲ. ಈ ಅನುಮತಿಗಳನ್ನು ಬಳಸಿ ವಂಚಿಸುವ ಪ್ರಮುಖ ಕಳ್ಳ ಆ್ಯಪುಗಳಲ್ಲಿ ಶೇಕಡಾ 95ಕ್ಕಿಂತ ಹೆಚ್ಚು ಇಂಥ ಹೊರಗಿನ ಮಾರ್ಗದಿಂದಲೇ ಬರುತ್ತವೆಂದು ಆ ಸಂಸ್ಥೆಯ ಲೆಕ್ಕ.

ಆದರೆ ಈ ತಡೆಗಳಿಗೂ ಮಿತಿಯಿದೆ. `Restricted setting` ಎಂಬುದನ್ನು ಸಡಿಲಿಸುವ ದಾರಿಯೂ ಸೆಟ್ಟಿಂಗ್ಸ್‌ನಲ್ಲಿಯೇ ಇದೆ. ವಂಚಕನು ಫೋನಿನಲ್ಲಿ ಮಾತನಾಡುತ್ತ ಆ ದಾರಿಯನ್ನು ಹೇಳಿಕೊಡಬಲ್ಲನು. ಅದಕ್ಕಿಂತ ದೊಡ್ಡ ತೊಡಕು ಮನೆಗಳೊಳಗಿದೆ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗನು ಹೊಸ ಫೋನು ಕೊಂಡಾಗ ಹಳೆಯದು ಊರಿನಲ್ಲಿರುವ ತಂದೆಗೆ ಬರುತ್ತದೆ. ಅದರಲ್ಲಿರುವುದು 9ನೆಯ ಆವೃತ್ತಿಯೋ 10ನೆಯದೋ ಆಗಿದ್ದರೆ, 13ರ ಮತ್ತು 15ರ ಕಾವಲುಗಳು ಅದಕ್ಕೆ ಬಂದಿಲ್ಲ. ಹಾಲಿನ ಹಣ, ಕಬ್ಬಿನ ಹಣ ಜಮೆಯಾಗುವ ಖಾತೆ ಮಾತ್ರ ಆ ಫೋನಿಗೇ ಕಟ್ಟಿರುತ್ತದೆ. ಹೆಚ್ಚು ರಕ್ಷಣೆ ಬೇಕಾದ ಕೈಗೆ ಕಡಮೆ ರಕ್ಷಣೆಯ ಯಂತ್ರ ಸೇರುತ್ತಿದೆ.

ಆದುದರಿಂದ ಮೂಲಕ್ಕೇ ಹೋಗಬೇಕು. ಎಸ್‌ಎಮ್‌ಎಸ್ ಮೂಲಕ ಬರುವ ಅಂಕಿಗಳನ್ನೇ ಕೀಲಿಯೆಂದು ಬ್ಯಾಂಕುಗಳು ಒಪ್ಪುವವರೆಗೆ ಒಂದೇ ಒಂದು ಅನುಮತಿಯು ಇಡೀ ಖಾತೆಯ ಬೆಲೆ ಬಾಳುವುದು. ಭಾರತೀಯ ರಿಸರ್ವ್ ಬ್ಯಾಂಕು 2025ರ ಸೆಪ್ಟೆಂಬರಿನಲ್ಲಿ ಹೊರಡಿಸಿ, 2026ರ ಏಪ್ರಿಲ್ 1ರಿಂದ ಪಾಲಿಸಬೇಕೆಂದು ವಿಧಿಸಿದ ನಿರ್ದೇಶನಗಳು ಎಸ್‌ಎಮ್‌ಎಸ್ ಒಟಿಪಿಯಲ್ಲದ ಇತರ ವಿಧಾನಗಳಿಗೂ ದಾರಿ ಮಾಡಿವೆ. ಒಟಿಪಿಯನ್ನು ಅವು ರದ್ದುಮಾಡಿಲ್ಲ. ಬ್ಯಾಂಕುಗಳು ಆ ದಾರಿಯಲ್ಲಿ ಬೇಗ ನಡೆಯಬೇಕು. ಹಳೆಯ ಫೋನುಳ್ಳ ಗಿರಾಕಿಯನ್ನು ಹಿಂದೆ ಬಿಟ್ಟು ನಡೆಯಬಾರದು.

ಇಂದೇ ನೋಡಬಹುದಾದುದು

ಅಲ್ಲಿಯವರೆಗೆ ವಿದ್ಯಾರ್ಥಿಗಳು ಮಾಡಬಹುದಾದ ಒಂದು ಪರೀಕ್ಷೆಯಿದೆ. ಕಾಲು ಗಂಟೆಯ ಕೆಲಸ. ಮನೆಯ ಹಿರಿಯರ ಫೋನನ್ನು ಅವರೆದುರಿಗೇ ಕೈಗೆ ತೆಗೆದುಕೊಂಡು, ಸೆಟ್ಟಿಂಗ್ಸ್‌ನಲ್ಲಿ `Permission manager` ಎಂಬುದನ್ನು ಹುಡುಕಿ, ಅಲ್ಲಿ `SMS` ತೆರೆಯಿರಿ. ಅನುಮತಿ ಪಡೆದ ಆ್ಯಪುಗಳ ಪಟ್ಟಿ ಕಾಣುತ್ತದೆ. ಒಂದೊಂದರ ಮುಂದೆಯೂ ಒಂದೇ ಪ್ರಶ್ನೆಯನ್ನು ಕೇಳಿರಿ: ಇದು ಹೇಳಿಕೊಳ್ಳುವ ಕೆಲಸಕ್ಕೆ ಇದು ಬೇಕೆ? ಸಂದೇಶಗಳ ಆ್ಯಪಿಗೆ ಬೇಕು. ಯುಪಿಐ ಆ್ಯಪ್ ಖಾತೆಯನ್ನು ಸಿಮ್‌ಗೆ ಜೋಡಿಸುವಾಗ ಸಂದೇಶವನ್ನು ಕಳುಹಿಸುತ್ತದೆ, ಅದಕ್ಕೂ ಕಾರಣವಿದೆ. ದಂಡ ಕಟ್ಟುವ, ಆಟವಾಡಿಸುವ, ಮದುವೆಗೆ ಕರೆಯುವ ಆ್ಯಪಿಗೆ ಕಾರಣವಿಲ್ಲ. ಆಮೇಲೆ `Accessibility` ಪುಟವನ್ನು ನೋಡಿರಿ. ಅಲ್ಲಿ ನೀವು ತಿಳಿದು ಹಾಕಿಕೊಂಡುದಲ್ಲದೆ ಬೇರೇನೂ ಇರಬಾರದು. ಕೊನೆಗೆ `Install unknown apps` ಪಟ್ಟಿಯಲ್ಲಿ ವಾಟ್ಸ್‌ಆ್ಯಪಿಗೆ ಕೊಟ್ಟ ಅಧಿಕಾರವಿದ್ದರೆ ಹಿಂದಕ್ಕೆ ಪಡೆಯಿರಿ. ದಂಡ ನಿಜವೋ ಸುಳ್ಳೋ ಎಂದು ತಿಳಿಯಬೇಕಾದರೆ ಬ್ರೌಸರಿನಲ್ಲಿ `echallan.parivahan.gov.in` ಎಂದು ತಾವೇ ಬರೆದು ವಾಹನದ ಸಂಖ್ಯೆಯನ್ನು ಕೊಟ್ಟು ನೋಡಬಹುದು. ಅದಕ್ಕೆ ಯಾವ ಕಡತವೂ ಬೇಡ.

ಸಂಶಯದ ಆ್ಯಪ್ ಸಿಕ್ಕಿದರೆ ಮೊದಲು ಮೊಬೈಲ್ ಡೇಟಾವನ್ನೂ ವೈಫೈಯನ್ನೂ ನಿಲ್ಲಿಸಿರಿ. ಹೊರಕ್ಕೆ ಸಾಗಿಸುವ ಮುಖ್ಯ ಬಾಗಿಲು ಅದೇ. ಬಳಿಕ ಆ್ಯಪನ್ನು ತೆಗೆದುಹಾಕಿರಿ. ತೆಗೆಯುವ ಗುಂಡಿ ಮಂಕಾಗಿ ಕೆಲಸ ಮಾಡದಿದ್ದರೆ ಅದು ಸಾಧನದ ಆಡಳಿತಾಧಿಕಾರವನ್ನೂ ಪಡೆದಿರಬಹುದು. `Device admin apps` ಪುಟದಲ್ಲಿ ಅದನ್ನು ಮೊದಲು ರದ್ದುಪಡಿಸಬೇಕು. ಹಣ ಹೋಗಿದ್ದರೆ ಬೇರೊಂದು ಫೋನಿನಿಂದ ಬ್ಯಾಂಕಿಗೂ 1930 ಎಂಬ ಸಹಾಯವಾಣಿಗೂ ಕೂಡಲೆ ತಿಳಿಸಿರಿ. ಹಣ ವಂಚಕನ ಖಾತೆಯಿಂದ ಮುಂದಕ್ಕೆ ಹೋಗುವ ಮೊದಲು ತಡೆದರೆ ಮಾತ್ರ ಮರಳಿ ಸಿಕ್ಕುವ ಸಂಭವ ಹೆಚ್ಚು. ಆದ್ದರಿಂದ ನಾಚಿಕೆಯಿಂದ ಒಂದು ರಾತ್ರಿ ಸುಮ್ಮನಿರುವುದು ಬಲು ದುಬಾರಿಯಾಗುವುದು.